ಫ್ಲ್ಯಾಶ್ ಬೇಡ, ಸರ್

ಹಾಜರಿ ಕೂಗುವಾಗ ‘ಎಸ್ ಸರ್’ ಎನ್ನಲೂ ಭಾಗ್ಯಳ ಗಂಟಲು ಒಣಗುತ್ತಿತ್ತು. ಅದಕ್ಕೇ ವಿಜ್ಞಾನ ಮೇಳಕ್ಕೆ ಯಾರೊಂದಿಗೂ ಮಾತನಾಡಬೇಕಿಲ್ಲದ ಕೆಲಸವನ್ನು ಆರಿಸಿಕೊಂಡಿದ್ದಳು: ನಕ್ಷತ್ರ ಎಣಿಸುವುದು. ಜನವರಿಯಲ್ಲಿ ಮೂರು ರಾತ್ರಿ ಅಜ್ಜನ ಜೊತೆ ಜಗಳೂರಿನ ಬಸ್ ನಿಲ್ದಾಣದಲ್ಲಿ ನಿಂತಳು, ಇನ್ನು ಮೂರು ರಾತ್ರಿ ಅವರ ಹೊಲದಲ್ಲಿ. ನಿಲ್ದಾಣದ ದೊಡ್ಡ ದೀಪದ ಕೆಳಗೆ ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಕಂಡದ್ದು 7 ನಕ್ಷತ್ರ, ನಾಲ್ಕು ಮೂಲೆಯವು ಮತ್ತು ನಡುಪಟ್ಟಿಯ ಮೂರು. ಹೊಲದಲ್ಲಿ 23.

ಎಲ್ಲವೂ ಸರಿಯಿತ್ತು, ಅರ್ಜಿಯ ಜೊತೆ ಪ್ರಯೋಗದ ಮುಂದೆ ನಿಂತ ಫೋಟೊ ಬೇಕೆನ್ನುವವರೆಗೆ. ಅವಳ ಪ್ರಯೋಗವೆಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್. ಅದರ ಮುಂದೆ ನಿಂತರೆ ನೋಡುವವರು ಅವಳನ್ನಲ್ಲದೆ ಇನ್ನೇನನ್ನು ನೋಡಿಯಾರು?

ಹಾಗಾಗಿ ಆಕಾಶವನ್ನೇ ಕಟ್ಟಿದಳು. ನಾಲ್ಕು ಕಪ್ಪು ಚಾರ್ಟ್ ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿ, ಸೀಮೆಸುಣ್ಣದಿಂದ ಗುರುತು ಹಾಕಿ, ದೊಡ್ಡ ನಕ್ಷತ್ರಗಳಿಗೆ ಚೀಲ ಹೊಲಿಯುವ ದಬ್ಬಣ, ಚಿಕ್ಕವಕ್ಕೆ ಅಮ್ಮನ ಸೂಜಿ. ಆರಿದ್ರಾ ನಕ್ಷತ್ರದ ತೂತಿಗೆ ಚಾಕೊಲೇಟಿನ ಕೆಂಪು ಕಾಗದ. ಹಿಂದೆ ಗಣೇಶನ ಹಬ್ಬದ ಸೀರಿಯಲ್ ದೀಪ. ಹಚ್ಚಿದಾಗ ಅಜ್ಜ ಬಹಳ ಹೊತ್ತು ನೋಡಿದರು.

“ಆರಿದ್ರಾ ಎಡಕ್ಕಲ್ಲವೇನವ್ವ ಇರಬೇಕಾದದ್ದು?”

ಗುರುತು ಹಾಕಿದ್ದು ಹಿಂಬದಿಯಲ್ಲಿ ಎಂಬುದನ್ನು ಅವಳು ಮರೆತಿದ್ದಳು. ಇಡೀ ಮಹಾವ್ಯಾಧನೇ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದ. ಅಳು ಬರುವಷ್ಟರಲ್ಲಿ ಅಜ್ಜ ಹಾಳೆಯನ್ನೇ ಮಗುಚಿ ಹಾಕಿದರು. ಉಳಿದದ್ದು ಸೀಮೆಸುಣ್ಣ ಒರೆಸುವ ಕೆಲಸ, ಅಷ್ಟೇ.

ಪ್ರಯೋಗಾಲಯದ ಕಿಟಕಿಗಳಿಗೆ ಕಂಬಳಿ ಕಟ್ಟಿ, ವಿಜ್ಞಾನದ ಮೇಷ್ಟ್ರು ಮೊಬೈಲ್ ಹಿಡಿದರು. ಭಾಗ್ಯ ಆದಷ್ಟು ಅಂಚಿಗೆ ಸರಿದು ನಿಂತಳು. ಬೆಳಕು ಛಳಕ್ಕೆಂದಿತು.

“ನೋಡು, ಮುಖ ಎಷ್ಟು ಸ್ಪಷ್ಟವಾಗಿ ಬಂದಿದೆ. ಇದೇ ಸಾಕು.”

ಮುಖ ಬಂದಿತ್ತು, ನೆತ್ತಿಯ ಮೇಲೆ ಎದ್ದ ಕೂದಲ ಸಮೇತ. ಹಿಂದೆ ಬರಿಯ ಕಪ್ಪು ಕಾಗದ. ಎಣಿಸಿದಳು: ದಬ್ಬಣದ ತೂತುಗಳು ಮಾತ್ರ, ಅವೂ ಮಸುಕು. ಸೂಜಿಯವು ಒಂದೂ ಇಲ್ಲ.

ಮೇಷ್ಟ್ರು ಆಗಲೇ ಕಂಬಳಿಯ ಗಂಟಿಗೆ ಕೈ ಹಾಕಿದ್ದರು.

“ಸರ್,” ಎಂದಳು. ಅವರಿಗೆ ಕೇಳಿಸಲಿಲ್ಲ. “ಸರ್! ಫ್ಲ್ಯಾಶ್ ಬೇಡ. ಇದು ಬಸ್ ನಿಲ್ದಾಣದ ಹಾಗೆ ಆಗಿದೆ.”

ಮೇಷ್ಟ್ರು ಮೊಬೈಲ್ ನೋಡಿದರು, ಹಾಳೆ ನೋಡಿದರು, ಆಮೇಲೆ ಅವಳನ್ನು. ಗಂಟನ್ನು ಮತ್ತೆ ಬಿಗಿದು, ಮೊಬೈಲನ್ನು ಮೇಜಿನ ಮೇಲೆ ಎರಡು ಪುಸ್ತಕಗಳಿಗೆ ಒರಗಿಸಿಟ್ಟರು. “ನಾಲ್ಕು ಸೆಕೆಂಡು ಅಲುಗಾಡಬೇಡ.”

ಈ ಸಲ 23 ನಕ್ಷತ್ರಗಳೂ ಬಂದವು. ಭಾಗ್ಯ ಮಾತ್ರ ಅವುಗಳ ಪಕ್ಕದಲ್ಲಿ ಎರಡು ಜಡೆಯ ನೆರಳಾಗಿದ್ದಳು. ತನ್ನದೊಂದು ಫೋಟೊ ಜೀವನದಲ್ಲಿ ಮೊದಲ ಸಲ ಅವಳಿಗೆ ಇಷ್ಟವಾಯಿತು.

“ಹಾಗಾದರೆ ಮೊದಲನೆಯದನ್ನು ಅಳಿಸಲೇ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಬೇಡ, ಸರ್. ಎರಡೂ ಬೇಕು.”

ಮರುದಿನ ಎರಡನ್ನೂ ಅಕ್ಕಪಕ್ಕ ಅಂಟಿಸಿದಳು. ನೆರಳಿನ ಫೋಟೊದ ಕೆಳಗೆ ‘ಹೊಲ’ ಎಂದು ಬರೆದಳು. ತನ್ನ ಮುಖದ ಕೆಳಗೆ, ‘ಬಸ್ ನಿಲ್ದಾಣ’.