ಮಸೂರಗಳು: ನಾಳೆಯ ಪರೀಕ್ಷೆಗೆ ಒಂದು ಪುಟ

ಹತ್ತನೇ ತರಗತಿ, ವಿಜ್ಞಾನ ಭಾಗ 1 (40 ಅಂಕ, 2 ಗಂಟೆ). ಕನ್ನಡ ಮಾಧ್ಯಮ ರಾತ್ರಿ ಶಾಲೆ, ಮುಂಬಯಿ.

ಕೆಲಸ ಮುಗಿಸಿ ಲೋಕಲ್‌ನಲ್ಲಿ ನಿಂತೇ ಬರುವವರು ಪ್ರತಿಬಿಂಬದ ಭಾಗವನ್ನೂ ಕಣ್ಣಿನ ದೋಷಗಳನ್ನೂ ದಾರಿಯಲ್ಲೇ ಓದಿಕೊಳ್ಳಿ. ಲೆಕ್ಕಕ್ಕೆ ಮಾತ್ರ ಮನೆಯಲ್ಲಿ ಪೆನ್ನು ಹಿಡಿದು ಕೂರಲೇಬೇಕು.

ಚಿಹ್ನೆ

ಈ ಪಾಠದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಎಲ್ಲ ದೂರವನ್ನೂ ದ್ಯುತಿಕೇಂದ್ರ O ದಿಂದ ಅಳೆಯಬೇಕು. ವಸ್ತು ಯಾವಾಗಲೂ ಮಸೂರದ ಎಡಕ್ಕೆ. ಬಲಕ್ಕೆ ಅಳೆದದ್ದು +, ಎಡಕ್ಕೆ ಅಳೆದದ್ದು −. ಅಕ್ಷದ ಮೇಲೆ +, ಕೆಳಗೆ −. ಆದ್ದರಿಂದ u ಸದಾ −. ಪೀನ ಮಸೂರದ f +, ನಿಮ್ನ ಮಸೂರದ f −.

```
1/v − 1/u = 1/f
M = h2/h1 = v/u
P = 1/f   (f ಮೀಟರ್‌ನಲ್ಲಿ)
```

ಲೆಕ್ಕ: 4 ಸೆಂ.ಮೀ. ಎತ್ತರದ ವಸ್ತು, ಪೀನ ಮಸೂರದಿಂದ 20 ಸೆಂ.ಮೀ. ದೂರ, f = 12 ಸೆಂ.ಮೀ.

```
u = −20, f = +12, h1 = 4
1/v = 1/12 − 1/20 = (5 − 3)/60 = 1/30
v = +30 cm
M = 30/(−20) = −1.5
h2 = −1.5 × 4 = −6 cm
```

v ಗೆ + ಬಂತು: ಪ್ರತಿಬಿಂಬ ಬಲಕ್ಕಿದೆ, ಸತ್ಯ. M ಗೆ − ಬಂತು: ತಲೆಕೆಳಗು. ಉತ್ತರ 7.5 ಬಂದಿದ್ದರೆ u ಗೆ − ಹಾಕಲು ಮರೆತಿದ್ದೀರಿ. 1/30 ಎಂದು ಬರೆದು ಅಲ್ಲೇ ನಿಲ್ಲಿಸಬೇಡಿ, ಅದನ್ನು ತಿರುಗಿಸಿದರೆ ಮಾತ್ರ v. ಮೊದಲ ಸಾಲಿನಲ್ಲಿ ಕೊಟ್ಟದ್ದನ್ನು ಚಿಹ್ನೆ ಸಮೇತ, ಕೊನೆಯಲ್ಲಿ ಏಕಮಾನವನ್ನು ಬರೆಯಿರಿ.

ಪೀನ ಮಸೂರದ ಪ್ರತಿಬಿಂಬ

ಆರು ಸಾಲು ಬಾಯಿಪಾಠ ಮಾಡುವ ಬದಲು ವಸ್ತುವನ್ನು ದೂರದಿಂದ ಹತ್ತಿರಕ್ಕೆ ನಡೆಸಿಕೊಂಡು ಬನ್ನಿ. ವಸ್ತು ಹತ್ತಿರ ಬಂದಷ್ಟೂ ಪ್ರತಿಬಿಂಬ ದೂರ ಸರಿಯುತ್ತದೆ, ದೊಡ್ಡದಾಗುತ್ತದೆ.

- ಅನಂತ ದೂರ → F2 ನಲ್ಲಿ, ಚುಕ್ಕೆಯಷ್ಟು
- 2F1 ರ ಆಚೆ → F2, 2F2 ನಡುವೆ, ಚಿಕ್ಕದು
- 2F1 ನಲ್ಲಿ → 2F2 ನಲ್ಲಿ, ಅಷ್ಟೇ ಗಾತ್ರ
- F1, 2F1 ನಡುವೆ → 2F2 ರ ಆಚೆ, ದೊಡ್ಡದು (ಮೇಲಿನ ಲೆಕ್ಕ ಇದೇ: 20 ಸೆಂ.ಮೀ. 12ಕ್ಕೂ 24ಕ್ಕೂ ನಡುವೆ)
- F1 ನಲ್ಲಿ → ಅನಂತದಲ್ಲಿ, ಬಹಳ ದೊಡ್ಡದು
- F1, O ನಡುವೆ → ವಸ್ತುವಿನ ಬದಿಯಲ್ಲೇ, ದೊಡ್ಡದು

ಮೊದಲ ಐದೂ ಸತ್ಯ, ತಲೆಕೆಳಗು. ಕೊನೆಯದೊಂದೇ ಮಿಥ್ಯ, ನೇರ.

ನಿಮ್ನ ಮಸೂರದಲ್ಲಿ ವಸ್ತು ಎಲ್ಲಿದ್ದರೂ ಪ್ರತಿಬಿಂಬ ಮಿಥ್ಯ, ನೇರ, ಚಿಕ್ಕದು.

ಚಿತ್ರಕ್ಕೆ ಎರಡು ಕಿರಣ ಸಾಕು. ಅಕ್ಷಕ್ಕೆ ಸಮಾಂತರವಾಗಿ ಬಂದದ್ದು ಪೀನದಲ್ಲಿ F2 ಮೂಲಕ ಹೋಗುತ್ತದೆ. ನಿಮ್ನದಲ್ಲಿ F1 ನಿಂದ ಹೊರಟಂತೆ ಹರಡುತ್ತದೆ. O ಮೂಲಕ ಬಂದದ್ದು ಬಾಗದೆ ನೇರ ಹೋಗುತ್ತದೆ. ಕಿರಣಕ್ಕೆ ಬಾಣದ ಗುರುತು ಬೇಕೇ ಬೇಕು. ಹಿಂದಕ್ಕೆ ಎಳೆದ ಗೆರೆಯೂ ಮಿಥ್ಯ ಪ್ರತಿಬಿಂಬವೂ ಚುಕ್ಕೆ ಗೆರೆಯಲ್ಲಿರಲಿ.

ಸಾಮರ್ಥ್ಯ

ಏಕಮಾನ ಡಯಾಪ್ಟರ್ (D). f = 40 ಸೆಂ.ಮೀ. ಇದ್ದರೆ ಮೊದಲು 0.40 ಮೀ. ಮಾಡಿ, P = 1/0.40 = 2.5 D. ನೇರವಾಗಿ 1/40 ಮಾಡಿದರೆ 0.025 ಬಂದು ಉತ್ತರ ತಪ್ಪುತ್ತದೆ. ಎರಡು ಮಸೂರ ಅಂಟಿಕೊಂಡಿದ್ದರೆ ಸಾಮರ್ಥ್ಯಗಳನ್ನು ಚಿಹ್ನೆ ಸಮೇತ ಕೂಡಿಸಿ: +2.5 ಮತ್ತು −1.0 ಸೇರಿ +1.5 D.

ಕಣ್ಣಿನ ದೋಷಗಳು

ಆರೋಗ್ಯವಂತ ಕಣ್ಣಿಗೆ ಸ್ಪಷ್ಟ ದೃಷ್ಟಿಯ ಕನಿಷ್ಠ ದೂರ 25 ಸೆಂ.ಮೀ.

ಹೆಸರೇ ಗೊಂದಲ ಮಾಡುತ್ತದೆ. ಸಮೀಪ ದೃಷ್ಟಿ ಎಂದರೆ ಸಮೀಪದ್ದು *ಕಾಣುತ್ತದೆ*, ದೂರದ್ದು ಕಾಣದು. ಕಣ್ಣುಗುಡ್ಡೆ ಉದ್ದವಾಗಿ ಅಥವಾ ಕಾರ್ನಿಯಾ, ಮಸೂರಗಳ ವಕ್ರತೆ ಹೆಚ್ಚಾಗಿ ಪ್ರತಿಬಿಂಬ ರೆಟಿನಾದ ಮುಂದೆ ಬೀಳುತ್ತದೆ. ಪರಿಹಾರ ನಿಮ್ನ ಮಸೂರ. 80 ಸೆಂ.ಮೀ. ಆಚೆ ಕಾಣದವರಿಗೆ f = −80 ಸೆಂ.ಮೀ., P = −1.25 D.

ದೂರ ದೃಷ್ಟಿಯಲ್ಲಿ ಎಲ್ಲವೂ ತಿರುವುಮುರುವು: ಕಣ್ಣುಗುಡ್ಡೆ ಗಿಡ್ಡ ಅಥವಾ ವಕ್ರತೆ ಕಡಿಮೆ, ಪ್ರತಿಬಿಂಬ ರೆಟಿನಾದ ಹಿಂದೆ, ಪರಿಹಾರ ಪೀನ ಮಸೂರ.

ವಯಸ್ಸಾದಂತೆ ಬರುವ ಪ್ರೆಸ್‌ಬಯೋಪಿಯಾದಲ್ಲಿ ಮಸೂರವನ್ನು ಹೊಂದಿಸುವ ಸ್ನಾಯುಗಳು ಸೋಲುತ್ತವೆ. ದೂರದ್ದೂ ಕಾಣದವರಿಗೆ ದ್ವಿಸಂಗಮ ಕನ್ನಡಕ: ಮೇಲೆ ನಿಮ್ನ, ಕೆಳಗೆ ಪೀನ. ಕಾರಣ ಕೇಳಿದಾಗ ಪರಿಹಾರ ಬರೆದು ಬಂದರೆ ಅಂಕ ಸಿಗದು, ಪ್ರಶ್ನೆಯನ್ನು ಎರಡು ಸಲ ಓದಿ.

ಉಪಕರಣಗಳು

ಸಂಯುಕ್ತ ಸೂಕ್ಷ್ಮದರ್ಶಕ: ವಸ್ತುವಿನ ಕಡೆಯ ಮಸೂರ ಚಿಕ್ಕದು, ಅದರ f ಕಡಿಮೆ. ದೂರದರ್ಶಕ: ವಸ್ತುವಿನ ಕಡೆಯ ಮಸೂರ ದೊಡ್ಡದು, ಅದರ f ಹೆಚ್ಚು, ದೂರದ ನಕ್ಷತ್ರದ ಮಂದ ಬೆಳಕನ್ನು ಆದಷ್ಟು ಒಟ್ಟುಮಾಡಬೇಕಲ್ಲ, ಅದಕ್ಕೆ. ಕಾರಣ ನೆನಪಿದ್ದರೆ ಇವೆರಡು ಅದಲುಬದಲಾಗುವುದಿಲ್ಲ. ಸರಳ ಸೂಕ್ಷ್ಮದರ್ಶಕ ಎಂದರೆ ಪಟ್ಟಿಯ ಆರನೇ ಸಾಲು, ಅಷ್ಟೇ: ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪೀನ ಮಸೂರ.

ಒಂದು ಅಂಕದವು

ದೃಷ್ಟಿ ಸಾತತ್ಯ: ವಸ್ತು ಸರಿದ ಮೇಲೂ 1/16 ಸೆಕೆಂಡು ಅದರ ಪ್ರಭಾವ ರೆಟಿನಾದಲ್ಲಿ ಉಳಿಯುತ್ತದೆ. ದಂಡಕೋಶ: ಮಂದ ಬೆಳಕಿನಲ್ಲಿ ಕೆಲಸ, ಬೆಳಕಿನ ತೀವ್ರತೆ ತಿಳಿಸುತ್ತದೆ. ಶಂಕುಕೋಶ: ಪ್ರಖರ ಬೆಳಕಿನಲ್ಲಿ ಕೆಲಸ, ಬಣ್ಣ ತಿಳಿಸುತ್ತದೆ. ಕೆಲವು ಬಣ್ಣಗಳ ಶಂಕುಕೋಶ ಇಲ್ಲದಿದ್ದರೆ ವರ್ಣಾಂಧತೆ.