ಅಧ್ಯಾಯ 4: ಫಲಿತಾಂಶಗಳು ಮತ್ತು ಚರ್ಚೆ

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ನಲಿ-ಕಲಿ ತರಗತಿ ನಡೆಸುವ ಒಂಬತ್ತು ಮಂದಿಯ (ಆರು ಶಿಕ್ಷಕಿಯರು, ಮೂವರು ಶಿಕ್ಷಕರು) ಸಂದರ್ಶನಗಳಿಂದ ದೊರೆತ ಫಲಿತಾಂಶಗಳು ಈ ಅಧ್ಯಾಯದಲ್ಲಿವೆ. ಸಂದರ್ಶನಗಳನ್ನು ಆಡುಮಾತಿನಲ್ಲಿದ್ದಂತೆಯೇ ಬರೆದುಕೊಂಡು, ಸಾಲುಸಾಲಾಗಿ ಓದಿ 71 ಸಂಕೇತಗಳನ್ನು ನೀಡಲಾಯಿತು. ಅವು ಮೊದಲು ಹನ್ನೆರಡು ಗುಂಪುಗಳಾಗಿ, ಕೊನೆಗೆ ಮೂರು ವಿಷಯಸೂತ್ರಗಳಾಗಿ ಕೂಡಿದವು. ಶಿಕ್ಷಕರನ್ನು ಶಿ1ರಿಂದ ಶಿ9ರವರೆಗೆ ಗುರುತಿಸಲಾಗಿದೆ.

4.1 ತುಂಡಾಗುವ ಸಮಯ

ಮೊದಲ ಸುತ್ತಿನಲ್ಲಿ ಅತಿ ಹೆಚ್ಚು ಸಾಲುಗಳಿಗೆ ಬಿದ್ದ ಸಂಕೇತ ‘ಕೆಲಸದ ಹೊರೆ’. ಮೂರು ವಾರಗಳ ನಂತರ ಅದೇ ಸಾಲುಗಳನ್ನು ಮತ್ತೆ ಓದಿದಾಗ ಆ ಹೆಸರು ಸರಿಯಲ್ಲವೆನಿಸಿತು, ಏಕೆಂದರೆ ಶಿಕ್ಷಕರು ಹೇಳುತ್ತಿದ್ದುದು ಕೆಲಸ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಗಳಿಗೆಯಲ್ಲಿ ಬಂದು ಪಾಠವನ್ನು ಕಡಿಯುತ್ತದೆ ಎಂಬುದನ್ನು. ಇಬ್ಬರೇ ಶಿಕ್ಷಕರಿರುವ ಶಾಲೆಯ ಶಿ4 ಹೀಗೆ ವಿವರಿಸಿದರು:

“ಶಿಕ್ಷಕರ ಸಹಾಯದ ಗುಂಪಿನಾಗ ಕುಂತು ಒಂದು ಹುಡುಗಿಗೆ ಅಕ್ಷರ ಹಿಡಿಸಾಕ ಹತ್ತಿರ್ತೀನ್ರಿ. ಹಾಲು ಕಾಸಿದ್ದು ಆತು ಅಂತ ಕರೀತಾರ. ಎದ್ದು ಹೋಗಿ ಬರೋದ್ರಾಗ ಆಕಿ ಕಾರ್ಡ್ ಇಟ್ಟು ಹೊರಗ ಹೋಗಿರ್ತಾಳ.”

ಏಳು ಸಂದರ್ಶನಗಳಲ್ಲಿ ಇದೇ ಸ್ವರೂಪದ ಪ್ರಸಂಗಗಳಿವೆ: ಬಿಸಿಯೂಟದ ಅಕ್ಕಿ ಅಳೆದು ಕೊಡುವುದು, ತುರ್ತಾಗಿ ಕೇಳಿದ ಮಾಹಿತಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವುದು, ಮತದಾರರ ಪಟ್ಟಿಯ ಕೆಲಸಕ್ಕೆ ಹೋದ ಸಹೋದ್ಯೋಗಿಯ ಮಕ್ಕಳನ್ನೂ ಕೂರಿಸಿಕೊಳ್ಳುವುದು. ಸಾಮಾನ್ಯ ತರಗತಿಯಲ್ಲಿ ಹತ್ತು ನಿಮಿಷ ಹೋದರೆ ಪಾಠ ಅಲ್ಲಿಂದಲೇ ಮುಂದುವರಿಯಬಹುದು. ಒಂದೊಂದು ಮಗುವೂ ಕಲಿಕಾ ಏಣಿಯ ಬೇರೆಬೇರೆ ಮೆಟ್ಟಿಲಿನಲ್ಲಿರುವ ಕೋಣೆಯಲ್ಲಿ ಎಲ್ಲಿಂದ ಮುಂದುವರಿಯಬೇಕೆಂಬುದನ್ನೇ ಮತ್ತೆ ಹುಡುಕಬೇಕಾಗುತ್ತದೆ.

ಇದಕ್ಕೆ ಭಿನ್ನವಾಗಿ ನಿಂತವರು ಶಿ7. ಮೂವರು ಶಿಕ್ಷಕರಿರುವ ಅವರ ಶಾಲೆಯಲ್ಲಿ ಮಧ್ಯಾಹ್ನದ ಊಟದವರೆಗೆ ಬರುವ ಎಲ್ಲ ಕರೆಗಳನ್ನೂ ಮುಖ್ಯ ಶಿಕ್ಷಕರೇ ನೋಡಿಕೊಳ್ಳುತ್ತಾರೆ. “ನಲಿ-ಕಲಿ ಚಲೋ ಐತ್ರಿ, ನಮ್ಮನ್ನ ಕುಂದ್ರಾಕ ಬಿಟ್ರ” ಎಂದ ಅವರ ಮಾತು ಈ ಸೂತ್ರವನ್ನು ಅಲ್ಲಗಳೆಯುವುದಿಲ್ಲ, ಇನ್ನಷ್ಟು ಖಚಿತಗೊಳಿಸುತ್ತದೆ.

4.2 ದಾಖಲೆಯಲ್ಲಿ ಮುಂದಿರುವ ಮಗು

ಪ್ರಗತಿ ನೋಟದಲ್ಲಿ ಮಗುವಿನ ಹೆಸರಿನೆದುರು ತುಂಬಿದ ಮೈಲಿಗಲ್ಲಿಗೂ ಮಗು ನಿಜವಾಗಿ ನಿಂತಿರುವ ಜಾಗಕ್ಕೂ ಅಂತರವಿದೆಯೆಂದು ಐವರು ಒಪ್ಪಿಕೊಂಡರು. ಈ ಮಾತನ್ನಾಡುವಾಗ ಇಬ್ಬರು ಧ್ವನಿಮುದ್ರಣ ನಿಲ್ಲಿಸಲು ಕೇಳಿದ್ದರಿಂದ ಅವರ ಮಾತುಗಳನ್ನು ಇಲ್ಲಿ ಉಲ್ಲೇಖಿಸಿಲ್ಲ.

4.3 ಮನೆಮಾತು

ತಾಂಡಾದ ಮಕ್ಕಳಿರುವ ಮೂರು ಶಾಲೆಗಳ ಶಿಕ್ಷಕರು ಕಾರ್ಡಿನ ಚಿತ್ರಕ್ಕೆ ಮಗು ಮೊದಲು ಲಂಬಾಣಿಯಲ್ಲಿ ಹೆಸರು ಹೇಳುತ್ತದೆ ಎಂದರು. ಅದನ್ನು ಶಿ2 ತಪ್ಪೆಂದು ಗುರುತಿಸುತ್ತಿದ್ದರು, ಈಗ ಆ ಪದಗಳನ್ನು ತಾವೇ ಕಲಿತು ಅಲ್ಲಿಂದ ಕನ್ನಡಕ್ಕೆ ದಾಟಿಸುತ್ತಾರೆ. ಈ ಕ್ರಮವನ್ನು ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ.

4.4 ಚರ್ಚೆ

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದಾಗ, ಋಷಿ ವ್ಯಾಲಿಯ ಬಹುವರ್ಗ ಬೋಧನೆಯನ್ನು ಕಂಡುಬಂದ ಶಿಕ್ಷಕರೇ ಕಾರ್ಡುಗಳನ್ನು ರೂಪಿಸಿದ್ದರು. ಮಗು ತನ್ನ ವೇಗದಲ್ಲಿ ನಡೆಯಲಿ, ಶಿಕ್ಷಕರು ಅಗತ್ಯವಿದ್ದವರ ಪಕ್ಕದಲ್ಲಿ ಕೂರಲಿ ಎಂಬುದು ಅದರ ತಳಹದಿ. 4.1ರ ಫಲಿತಾಂಶಗಳು ಪೆಟ್ಟು ಬಿದ್ದಿರುವುದು ಈ ತಳಹದಿಗೇ ಎಂದು ತೋರಿಸುತ್ತವೆ. ಆದ್ದರಿಂದ ಮಕ್ಕಳ ಹಿಂದುಳಿಯುವಿಕೆಯನ್ನು ಪದ್ಧತಿಯ ಸೋಲೆಂದೋ ಶಿಕ್ಷಕರ ಉದಾಸೀನವೆಂದೋ ಓದುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಉಳಿದ ಶೈಕ್ಷಣಿಕೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸುವುದನ್ನು ನಿಷೇಧಿಸುತ್ತದೆ. ಆದರೆ ಈ ಶಿಕ್ಷಕರನ್ನು ಏಳಿಸುವ ಕೆಲಸಗಳಲ್ಲಿ ಹೆಚ್ಚಿನವು ನಿಯೋಜನೆಯ ಆದೇಶವೇ ಇಲ್ಲದೆ ಶಾಲೆಯ ಒಳಗೇ ನಡೆಯುವಂಥವು. ಕಾಯ್ದೆಯ ಕಣ್ಣಿಗೆ ಅವು ಬೀಳುವುದಿಲ್ಲ.

4.2ನ್ನೂ ಇದರ ಜೊತೆಗಿಟ್ಟೇ ಓದಬೇಕು. ಕಡಿದುಹೋದ ಸಮಯಕ್ಕೆ ದಾಖಲೆಯಲ್ಲಿ ಕಾಲಮ್ಮಿಲ್ಲ, ಮೈಲಿಗಲ್ಲಿಗೆ ಇದೆ.

ಬ್ರಾನ್ ಮತ್ತು ಕ್ಲಾರ್ಕ್ 2006ರಲ್ಲಿ ಒತ್ತಿ ಹೇಳಿದಂತೆ ವಿಷಯಸೂತ್ರಗಳು ದತ್ತಾಂಶದಿಂದ ತಾವಾಗಿ ಮೇಲೆ ಬರುವುದಿಲ್ಲ, ಸಂಶೋಧಕರು ಅವನ್ನು ಕಟ್ಟುತ್ತಾರೆ. ನಾನು ಆರು ವರ್ಷ ನಲಿ-ಕಲಿ ತರಗತಿ ನಡೆಸಿದವಳು. ‘ತುಂಡಾಗುವ ಸಮಯ’ ನನ್ನ ಕಿವಿಗೆ ಬೇಗ ಕೇಳಿಸಲು ಅದೂ ಕಾರಣವಿರಬಹುದು. ತರಗತಿ ವೀಕ್ಷಣೆ ಈ ಅಧ್ಯಯನದಲ್ಲಿಲ್ಲವಾದ್ದರಿಂದ ಅಡ್ಡಿಗಳ ನಿಜವಾದ ಆವರ್ತನವನ್ನು ಇಲ್ಲಿ ಹೇಳಲಾಗದು. ‘ತಾಯಂದಿರು’ ಎಂಬ ಸಂಕೇತ ಎರಡೇ ಸಂದರ್ಶನಗಳಲ್ಲಿ ಬಂದದ್ದರಿಂದ ಯಾವ ಸೂತ್ರದೊಳಗೂ ಸೇರಲಿಲ್ಲ. ಮನೆಮಾತಿನ ಬಗ್ಗೆ ತಾಂಡಾದ ತಾಯಂದಿರನ್ನೇ ಕೇಳದೆ ಅದನ್ನು 4.3ಕ್ಕೆ ಸೇರಿಸುವುದು ಸರಿಯೆನಿಸಲಿಲ್ಲ.