‘ಕಾ’ ಸಾಲಿನ ಕಾಫಿ ಪದ್ಯ

ಮೂಡಿಗೆರೆಯ ನಮ್ಮ ಕನ್ನಡ ಕೂಟದಲ್ಲಿ ಈ ಶನಿವಾರದ ಆಟ ಇದು. ಹಳಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರುವಂತೆ ನೋಡಿಕೊಳ್ಳುತ್ತಿದ್ದರು. ಅದು ಆದಿಪ್ರಾಸ. ಅಷ್ಟು ಕಷ್ಟ ನಮಗೆ ಬೇಡ. ಮೊದಲ ಅಕ್ಷರ ಒಂದೇ ಇದ್ದರೆ ಸಾಕು. ಬಾಬಾಬುಡನ್‌ಗಿರಿ ಇರುವ ಜಿಲ್ಲೆಯಲ್ಲಿ ‘ಕಾ’ ಬಿಟ್ಟು ಬೇರೆ ಅಕ್ಷರದಿಂದ ಶುರು ಮಾಡಿದರೆ ಯಾರಾದರೂ ಒಪ್ತಾರಾ?

ಒಮ್ಮೆ ಸಾಲಿನ ಮೊದಲಿಗೆ ಬಂದ ಪದ ಮತ್ತೆ ಬರಬಾರದು. ಕಣ್ಣಿಗೆ ಹಚ್ಚುವ ಕಾಡಿಗೆ ಬಂದ ಮೇಲೂ ಕಾಡಾನೆ ಬರಬಹುದು, ಅವು ಬೇರೆ ಬೇರೆ. ‘ಖಾಲಿ’ ಅಂದವರು ಔಟ್. ‘ಕಾಂ’ ಕೂಡ ನಡೆಯಲ್ಲ. ಕಾಂಡಕೊರಕ ತೋಟಕ್ಕೂ ಬೇಡ, ಪದ್ಯಕ್ಕೂ ಬೇಡ.

ಕಾದಿದೆ ತೋಟವು ಹೂವಿನ ಮಳೆಗೆ,
ಕಾವಲಿಯಾಗಿದೆ ಕಣ ಈ ಗಳಿಗೆ.
ಕಾಜಾಣವೊಂದು ತಂತಿಯ ಮೇಲೆ
ಕಾಗದವಿಲ್ಲದೆ ಕಳಿಸಿದೆ ಓಲೆ.

ಕಾರ್ಮುಗಿಲೆದ್ದಿತು ಘಟ್ಟದ ಮರೆಗೆ,
ಕಾಲಿಗೆ ಚಪ್ಪಲಿ ಇಲ್ಲದೆ ಹೊರಗೆ
ಕಾಣಲು ಓಡಿದೆ, ತಣಿಯಿತು ಕಾವು,
ಕಾಫಿಗೆ ಹತ್ತೇ ದಿನದಲಿ ಹೂವು!

ಕಾಡಿಗೆ ಹಚ್ಚಿದ ಕಣ್ಣಿನ ಪುಟ್ಟಿ
ಕಾಮನಬಿಲ್ಲನು ಬೆರಳಲಿ ಮುಟ್ಟಿ,
ಕಾಗೆಯ ಮೇಲೆಯೆ ನೆಟ್ಟಿದೆ ಕಣ್ಣು:
“ಕಾಯಿದು ಆಗುವುದೆಂದಿಗೆ ಹಣ್ಣು?”

ಕಾಲುವೆ ತುಂಬಿತು ಆಷಾಢದಲಿ,
ಕಾಯಂ ಕತ್ತಲೆ ನಮ್ಮೂರಿನಲಿ.
ಕಾಡಾನೆಯ ಹಿಂಡಿಳಿಯಿತು ತೋಟ,
ಕಾರ್ಮಿಕರೆಲ್ಲರು ಕಿತ್ತರು ಓಟ.

ಕಾರ್ತಿಕ ಬಂದರೆ ಹಣ್ಣಿನ ಪಾಳಿ,
ಕಾಳ್ಮೆಣಸೆಂದಿತು: “ಇನ್ನೂ ತಾಳಿ!”
ಕಾಯಿಸಿ ಹಾಲನು, ಬೆಲ್ಲವ ಬೆರೆಸಿ,
ಕಾಳಜಿಯಿಂದಲೆ ಲೋಟವ ಒರೆಸಿ,
“ಕಾಗುಣಿತದ ಸಾಲೊಂದನು ಹೇಳಿ,”
“ಕಾಪಿಯ ಹೊಡೆಯದೆ ಕಾಫಿಯ ಕೇಳಿ!”

ಕೊನೆಯ ಎರಡು ಸಾಲು ಅಜ್ಜಿಯ ಮಾತು. ಅಲ್ಲಿಂದ ಮುಂದೆ ನಿಮ್ಮ ಸರದಿ. ವೃತ್ತದಲ್ಲಿ ಕೂತವರು ಒಬ್ಬೊಬ್ಬರೇ ಒಂದೊಂದು ಸಾಲು ಸೇರಿಸುತ್ತಾ ಹೋಗಬೇಕು. ಹತ್ತು ಎಣಿಸುವಷ್ಟರಲ್ಲಿ ಬಾಯಿ ಬಿಡದಿದ್ದರೆ ಆ ಸುತ್ತಿನ ಕಾಫಿಯ ಖರ್ಚು ನಿಮ್ಮದು. ಪ್ರಾಸ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಅರ್ಥ ಕೂಡಬೇಕು. ಸುಮ್ನೆ ‘ಕಾಶಿ, ಕಾಬೂಲು’ ಅಂತ ಊರಿನ ಹೆಸರು ತುರುಕಿದರೆ ಮಕ್ಕಳೇ ನಗುತ್ತಾರೆ.

‘ಕಾಲುವೆ’ ಮತ್ತು ‘ಕಾಲು’ ಒಂದೇ ಮನೆಯವು ಅಲ್ವಾ ಎಂದು ತಕರಾರು ಎತ್ತುವವರು ಇದ್ದೇ ಇರುತ್ತಾರೆ. ಅವರಿಗೆ ಒಂದೇ ಶಿಕ್ಷೆ. ‘ಕಾಲುವೆ’ ಸಾಲು ತೆಗೆದು, ಅದೇ ಜಾಗಕ್ಕೆ ‘ಆಷಾಢದಲಿ’ ಎಂದು ಮುಗಿಯುವ ಹೊಸ ಸಾಲು ಅಲ್ಲೇ ಕಟ್ಟಿ ಕೊಡಬೇಕು.

ಮುಂದಿನ ಶನಿವಾರ ‘ಹಾ’. ಹಾಸನದಿಂದ ಬರುವವರು ಈಗಲೇ ಜಾಸ್ತಿ ಮೆರೆಯುತ್ತಿದ್ದಾರೆ. ‘ಹಾಲು, ಹಾವು, ಹಾಡು’ ಮೂರನ್ನೂ ನಾವೇ ಮೊದಲು ಹೇಳಿ ಮುಗಿಸೋಣ.